ಠರಾವು 31.09ರ ಎರಡನೇ ಸಾಲು

ನಮ್ಮದು ಸ್ವಾಯತ್ತ ಕಾಲೇಜು. ಪಠ್ಯ, ಪರೀಕ್ಷೆ, ಪಾಸಾಗುವ ಅಂಕ ಎಲ್ಲವನ್ನೂ ನಮ್ಮ ಅಕಾಡೆಮಿಕ್ ಕೌನ್ಸಿಲ್ಲೇ ತೀರ್ಮಾನಿಸಬೇಕು. ಪ್ರಾಂಶುಪಾಲರು ಅಧ್ಯಕ್ಷರು, ವಿಭಾಗದ ಮುಖ್ಯಸ್ಥರೆಲ್ಲ ಸದಸ್ಯರು, ಹೊರಗಿನಿಂದ ವಿಶ್ವವಿದ್ಯಾಲಯದವರು ಮೂವರು. ಸಸ್ಯಶಾಸ್ತ್ರದ ಮುಖ್ಯಸ್ಥನಾಗಿ ನಾನೂ ಹನ್ನೊಂದು ವರ್ಷದಿಂದ ಅದರಲ್ಲಿ ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೇ ಸರಿಯಾದ ಮಾತು. ಮಿರ್ಚಿ ಭಜಿ ಬರುವ ತನಕ ಗಡಿಯಾರ ನೋಡುವುದು, ಬಂದ ಮೇಲೆ ತಿನ್ನುವುದು, ಕೊನೆಗೆ ಭತ್ಯೆಯ ಹಾಳೆಗೆ ಸಹಿ ಹಾಕುವುದು.

ಆ ಸಭೆಯಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದವರು ಒಬ್ಬರೇ. ದಾಕ್ಷಾಯಣಿ ಹುಯಿಲಗೋಳ. ಅಕಾಡೆಮಿಕ್ ವಿಭಾಗದ ಸೂಪರಿಂಟೆಂಡೆಂಟ್. ಸದಸ್ಯರಲ್ಲ, ಮಾತಾಡುವ ಹಕ್ಕಿಲ್ಲ. ಮೂಲೆಯ ಸಣ್ಣ ಮೇಜಿನ ಹಿಂದೆ ಕೂತು ನಡಾವಳಿ ಬರೆಯುವವರು. ನಡಾವಳಿಗೆ ಸಹಿ ಹಾಕುವ ಕಾರ್ಯದರ್ಶಿ ಬೇರೆ ಒಬ್ಬ ಪ್ರಾಧ್ಯಾಪಕರು. ಆದರೆ ಹತ್ತೊಂಬತ್ತು ವರ್ಷದಲ್ಲಿ ಕಾರ್ಯದರ್ಶಿಗಳು ಆರು ಮಂದಿ ಬದಲಾದರು, ಬರೆಯುವವರು ಬದಲಾಗಲಿಲ್ಲ.

ಅವರ ಬರವಣಿಗೆಗೆ ಒಂದು ಕಟ್ಟು ಇತ್ತು. ಮೂವತ್ತೊಂದನೇ ಸಭೆಯ ಕಾರ್ಯಸೂಚಿಯಲ್ಲಿ ಒಂಬತ್ತನೇ ವಿಷಯವಾದರೆ ಅದು 31.09. ಅದರ ಮೇಲೆ ಆದ ಠರಾವಿನ, ಅಂದರೆ ನಿರ್ಣಯದ, ಸಂಖ್ಯೆಯೂ 31.09. ಒಂದೇ ವಿಷಯದಲ್ಲಿ ಮೂರು ತೀರ್ಮಾನವಾದರೆ 31.09(1), (2), (3). ಒಂದು ಠರಾವು ಇನ್ನೊಂದನ್ನು ಅವಲಂಬಿಸಿದ್ದರೆ ಆ ಸಂಖ್ಯೆಯನ್ನು ಅಲ್ಲೇ ನಮೂದಿಸುತ್ತಿದ್ದರು. ಮುಂದಿನ ಸಭೆಯಲ್ಲಿ ಯಾವ ಠರಾವಿನ ಮೇಲೆ ಏನು ಕ್ರಮವಾಯಿತು ಎಂಬ ವರದಿಯೂ ಅದೇ ಸಂಖ್ಯೆಗಳ ಮೇಲೆ. ಕಾರ್ಯಸೂಚಿಯಲ್ಲಿ ಇಲ್ಲದ್ದನ್ನು ಯಾರಾದರೂ ನಡುವೆ ತುರುಕಲು ಹೋದರೆ ಅವರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು: "ಇದು ಯಾವ ನಂಬರಿಗೆ ಬರತೈತ್ರಿ?" ನಾವು ನಗುತ್ತಿದ್ದೆವು. ವಾಣಿಜ್ಯ ವಿಭಾಗದವರೊಬ್ಬರು ಅವರಿಗೆ "ನಂಬರವ್ವ" ಅಂತ ಹೆಸರಿಟ್ಟಿದ್ದರು. ನಾನೂ ಹಾಗೆ ಕರೆದಿದ್ದೇನೆ, ಬೆನ್ನ ಹಿಂದೆ.

ಆ ಮೂವತ್ತೊಂದನೇ ಸಭೆ ನಡೆದದ್ದು ಜೂನ್‌ನಲ್ಲಿ. ಅದರಲ್ಲಿ 31.09 ಬಂದದ್ದು ಪಾಸಿನ ಅಂಕದ ಬಗ್ಗೆ. ಸೆಮಿಸ್ಟರ್ ಕೊನೆಯ ಪರೀಕ್ಷೆ ಎಂಬತ್ತು ಅಂಕದ್ದು. ಶೇಕಡಾ ಮೂವತ್ತೈದು, ಅಂದರೆ ಇಪ್ಪತ್ತೆಂಟು ಬಂದರೆ ಪಾಸು. ಅದನ್ನು ಶೇಕಡಾ ನಲವತ್ತಕ್ಕೆ, ಮೂವತ್ತೆರಡಕ್ಕೆ ಏರಿಸಬೇಕೆಂಬುದು ಪ್ರಾಂಶುಪಾಲ ಡಾಕ್ಟರ್ ಬಸವಂತ ತಲ್ಲೂರರ ಆಸೆ. ಯಾರೂ ಬೇಡವೆನ್ನಲಿಲ್ಲ. ವಿಶ್ವವಿದ್ಯಾಲಯದಿಂದ ಬಂದಿದ್ದ ಪ್ರೊಫೆಸರ್ ಇಂದುಮತಿ ಸಾಲಿ ಮಾತ್ರ ತಡೆದರು.

"ಏರಸ್ರಿ. ಆದ್ರ ಹೊಸದಾಗಿ ಸೇರೋರಿಗೆ. ಈಗಾಗಲೇ ಓದ್ಲಿಕ್ಕತ್ತ ಹುಡುಗರಿಗೆ ಆಟದ ನಡುವ ನಿಯಮ ಬದಲಿಸಬ್ಯಾಡ್ರಿ."

ತಲ್ಲೂರರು ತಲೆಯಾಡಿಸಿದರು. ಮೂರು ತೀರ್ಮಾನವಾದವು. ಒಂದು, ಕನಿಷ್ಠ ಅಂಕ ಶೇಕಡಾ ನಲವತ್ತು. ಎರಡು, ಇದು ಈ ವರ್ಷ ಹೊಸದಾಗಿ ಸೇರುವವರಿಗೆ ಮಾತ್ರ, ಈಗ ಓದುತ್ತಿರುವವರಿಗೆ ಹಳೆಯ ನಿಯಮವೇ. ಮೂರು, ಜುಲೈ ಕೊನೆಯೊಳಗೆ ಪರೀಕ್ಷಾ ವಿಭಾಗ ಸೂಚನಾ ಫಲಕಕ್ಕೆ ಹಾಕಬೇಕು. ವಾರದೊಳಗೆ ದಾಕ್ಷಾಯಣಿಯವರು ಕರಡು ನಡಾವಳಿಯನ್ನು ಎಲ್ಲ ಸದಸ್ಯರಿಗೂ ಇಮೇಲ್ ಮಾಡಿದರು. ತಪ್ಪಿದ್ದರೆ ಹದಿನೈದು ದಿನದಲ್ಲಿ ತಿಳಿಸಿ ಎಂದಿತ್ತು. ಯಾರೂ ತಿಳಿಸಲಿಲ್ಲ. ನಾನಂತೂ ತೆರೆದೇ ನೋಡಲಿಲ್ಲ.

ಜನವರಿಯಲ್ಲಿ ಫಲಿತಾಂಶ ಬಂತು. ಪರೀಕ್ಷಾ ನಿಯಂತ್ರಕ ಸಂಕನಗೌಡರು ಕಂಪ್ಯೂಟರಿನಲ್ಲಿ ಮೂರೂ ವರ್ಷದವರಿಗೆ ಮೂವತ್ತೆರಡು ಹಾಕಿಬಿಟ್ಟಿದ್ದರು. ಎರಡನೇ ಮತ್ತು ಮೂರನೇ ವರ್ಷದಲ್ಲಿ ಐವತ್ತೆಂಟು ಮಕ್ಕಳು ಇಪ್ಪತ್ತೆಂಟು ಮತ್ತು ಮೂವತ್ತೆರಡರ ನಡುವೆ ಸಿಕ್ಕಿಬಿದ್ದು ಫೇಲಾದರು.

ಅವರಲ್ಲೊಬ್ಬಳು ಜುಬೇದಾ ನದಾಫ, ಬಿ.ಎಸ್ಸಿ. ಮೂರನೇ ವರ್ಷ. ನನ್ನ ವಿಷಯದಲ್ಲಿ ಅರವತ್ತೊಂದು, ರಸಾಯನಶಾಸ್ತ್ರದ ಒಂದು ಪತ್ರಿಕೆಯಲ್ಲಿ ಮೂವತ್ತು. ಬೇಸಿಗೆಯಲ್ಲಿ ಹೊರಗಿನ ಸಂಶೋಧನಾ ಸಂಸ್ಥೆಯಲ್ಲಿ ಎರಡು ತಿಂಗಳ ತರಬೇತಿಗೆ ಅರ್ಜಿ ಹಾಕಲು ಅವಳಿಗೆ ನಾನೇ ಹೇಳಿದ್ದೆ. ಯಾವ ಪತ್ರಿಕೆಯೂ ಬಾಕಿ ಇರಬಾರದು ಎಂಬುದು ಅಲ್ಲಿನ ಷರತ್ತು. ಅಂಕಪಟ್ಟಿ ಹಿಡಿದುಕೊಂಡು ಅವಳು ಅಕಾಡೆಮಿಕ್ ವಿಭಾಗಕ್ಕೆ ನುಗ್ಗಿದಾಗ ನಾನು ರಜೆಯ ಅರ್ಜಿ ಕೊಡಲು ಅಲ್ಲೇ ನಿಂತಿದ್ದೆ.

"ಮೂವತ್ತಕ್ಕ ಯಾಕ ಫೇಲ್ರಿ? ಹೋದ ವರ್ಷ ನಮ್ಮ ಕ್ಲಾಸಿನವರು ಇಪ್ಪತ್ತೊಂಬತ್ತಕ್ಕ ಪಾಸಾಗ್ಯಾರ. ಎಕ್ಸಾಮ್ ಸೆಕ್ಷನ್ನಿನವ್ರು ಹೋಗಿ ಓದ್ಕೊ ಅಂತಾರ. ಏನ್ ಓದ್ಕೋಬೇಕ್ರಿ ನಾನು, ನಿಮ್ಮ ಬೋರ್ಡ?"

ಅವಳು ಅಂಕಪಟ್ಟಿಯನ್ನು ಮೇಜಿನ ಮೇಲೆ ಒಗೆದಳು. ನಾನು "ಏ ತಂಗಿ, ಮೆಲ್ಲಕ ಮಾತಾಡು" ಎಂದೆ. ದಾಕ್ಷಾಯಣಿಯವರು ನನ್ನ ಕಡೆ ನೋಡಲಿಲ್ಲ. ಅಂಕಪಟ್ಟಿ ತೆಗೆದುಕೊಂಡು ಓದಿದರು. ಅವರ ಕಿವಿಯ ತುದಿ ಕೆಂಪಾದದ್ದು ನನಗೆ ಕಂಡಿತು.

"ಬಾಯಿಲೆ ಕೇಳಿದ್ರ ಯಾರೂ ಉತ್ತರ ಕೊಡಂಗಿಲ್ಲವಾ," ಅಂದರು. "ಮಾಹಿತಿ ಹಕ್ಕಿನಾಗ ಅರ್ಜಿ ಹಾಕು. ಪಾಸಿನ ಅಂಕದ ಮ್ಯಾಲೆ ಕೌನ್ಸಿಲ್ ಮಾಡಿದ ಠರಾವಿನ ಪ್ರತಿ ಬೇಕು ಅಂತ ಬರಿ. ಮೂವತ್ತು ದಿನದಾಗ ಕೊಡಬೇಕು."

ಹುಡುಗಿ ಅಂದೇ ಅರ್ಜಿ ಹಾಕಿದಳು.

ಮೂರನೇ ದಿನ ತಲ್ಲೂರರು ದಾಕ್ಷಾಯಣಿಯವರನ್ನು ಕರೆಸಿದರು. ಅಲ್ಲಿ ನಡೆದದ್ದನ್ನು ಅವರೇ ಅಂದು ಮಧ್ಯಾಹ್ನ ನನ್ನ ಪ್ರಯೋಗಾಲಯಕ್ಕೆ ಬಂದು ಹೇಳಿದರು. ಸಂಕನಗೌಡರೂ ಅಲ್ಲಿದ್ದರಂತೆ. ಫಲಿತಾಂಶ ಹಿಂತೆಗೆದುಕೊಂಡರೆ ಪತ್ರಿಕೆಯವರು ಬರುತ್ತಾರೆ, ಕಾಲೇಜಿಗೆ ದರ್ಜೆ ಕೊಡುವ ಮೌಲ್ಯಮಾಪನದ ತಂಡ ಬರುವ ವರ್ಷ, ಕಾಲೇಜಿನ ಮಾನ ಹೋಗುತ್ತದೆ ಎಂಬುದು ತಲ್ಲೂರರ ವಾದ.

"ಕರಡು ಇನ್ನೂ ಕನ್ಫರ್ಮ್ ಆಗಿಲ್ಲ. ಕನ್ಫರ್ಮ್ ಆಗೂ ತನಕ ಅದು ನಡಾವಳಿ ಅಲ್ಲ. ಎರಡನೇ ಸಾಲು ತಗದುಬಿಡ್ರಿ. ಮೂರನೇದನ್ನ ಎರಡು ಮಾಡ್ರಿ. ತುರ್ತಾಗಿ ಮೂವತ್ತೆರಡನೇ ಸಭೆ ಕರೆದು ಕನ್ಫರ್ಮ್ ಮಾಡಸೂಣು. ಆಮ್ಯಾಲೆ ಆ ಹುಡುಗಿಗೆ ಅದರ ಪ್ರತಿ ಕೊಡ್ರಿ," ಅಂದರಂತೆ.

"ನೀವೇನಂದ್ರಿ?" ಎಂದು ಕೇಳಿದೆ.

"ಸಭೆಯೊಳಗ ಆಗಿದ್ದನ್ನ ತಗಿಲಿಕ್ಕೆ ನನಗ ಬರಂಗಿಲ್ಲ ಅಂದೆ. ಸದಸ್ಯರಿಗೆಲ್ಲ ಜೂನ್‌ನ್ಯಾಗ ಮೇಲ್ ಹೋಗೇತಿ ಅಂದೆ. ಅದಕ್ಕ ಅವರು ನಕ್ಕರು. ನಿಮ್ಮ ಮೇಲ್ ಯಾರ್ ಓದ್ತಾರ್ರೀ ಅಂದ್ರು." ಅವರು ನನ್ನ ಮುಖವನ್ನೇ ನೋಡಿದರು. "ನೀವು ಓದೀರೇನ್ರಿ ಹಾವನೂರ ಸರ?"

ನಾನು ಗಾಜಿನ ಪಟ್ಟಿಗಳನ್ನು ಜೋಡಿಸತೊಡಗಿದೆ.

"ಸಭೆಯೊಳಗ ನನಗ ಬಾಯಿಲ್ಲ. ನಿಮಗೈತಿ. ಕನ್ಫರ್ಮ್ ಮಾಡೂ ಹೊತ್ತಿನಾಗ ಎದ್ದು ನಿಂತು, ಎರಡನೇ ಸಾಲು ಎಲ್ಲಿ ಅಂತ ಒಂದ ಮಾತು ಕೇಳ್ರಿ. ಅಷ್ಟ ಸಾಕು."

"ನೋಡೂಣ್ರಿ," ಎಂದೆ.

ಕಾರಣ ಹೇಳಿಬಿಡುತ್ತೇನೆ. ನನ್ನ ಬಡ್ತಿಯ ಕಡತ ಆಗ ತಲ್ಲೂರರ ಮೇಜಿನ ಮೇಲಿತ್ತು. ಒಂದು ಸಹಿ ಬೀಳಬೇಕಿತ್ತು.

ಮರುವಾರ ದಾಕ್ಷಾಯಣಿಯವರನ್ನು ಗ್ರಂಥಾಲಯಕ್ಕೆ ಹಾಕಿದರು. ಆಡಳಿತಾತ್ಮಕ ಕಾರಣ ಎಂದು ಆದೇಶದಲ್ಲಿತ್ತು. ಹರಿದ ಪುಸ್ತಕಗಳ ಪಟ್ಟಿ ಮಾಡುವ ಕೆಲಸ, ಹಿಂಬದಿಯ ದೂಳಿನ ಕೋಣೆಯಲ್ಲಿ. ಅವರಿಗೆ ಐವತ್ತೊಂಬತ್ತು ವರ್ಷ, ಉಬ್ಬಸ ಇತ್ತು. ಕೀಲಿ ಒಪ್ಪಿಸಿದ ದಿನ ಅವರು ಮತ್ತೆ ನನ್ನ ಬಳಿ ಬಂದರು. ಸೀರೆಯ ಸೆರಗಿನಿಂದ ಮೂಗು ಮುಚ್ಚಿಕೊಂಡು, ನಿಂತೇ ಕೇಳಿದರು.

"ಮಾತಾಡ್ತೀರೋ ಇಲ್ಲೋ?"

"ನಾ ಒಬ್ಬನ ಮಾತಾಡಿದ್ರ ಏನಾಗ್ತದ್ರೀ ಅಕ್ಕಾರ? ಉಳಿದವರ್ನೂ ಕೇಳ್ರಿ."

"ಕೇಳೇನಿ. ಒಂಬತ್ತು ಮಂದಿನ್ನ ಕೇಳೇನಿ. ಎಲ್ಲಾರೂ ನೀವಂದಂಗ ಅಂದಾರ."

ಮೂರನೇ ಸಲ ಫೋನು ಮಾಡಿದರು. ನಾನು ಎತ್ತಲಿಲ್ಲ.

ಫೆಬ್ರುವರಿ ಹನ್ನೆರಡಕ್ಕೆ ಸಭೆ ಸೇರಿತು. ಮೂಲೆಯ ಮೇಜಿನ ಹಿಂದೆ ಹೊಸಬರೊಬ್ಬರು ಕೂತಿದ್ದರು. ಪ್ರತಿಯೊಬ್ಬರ ಮುಂದೆ ಕಾರ್ಯಸೂಚಿ, ಅದರ ಜೊತೆ ಹಿಂದಿನ ಸಭೆಯ ನಡಾವಳಿ. 32.01 ಎಂದರೆ ಆ ನಡಾವಳಿಯನ್ನು ಸ್ಥಿರೀಕರಿಸುವುದು. ಸಾಮಾನ್ಯವಾಗಿ ಅದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ತಲ್ಲೂರರು "ಎಲ್ಲಾರೂ ನೋಡೀರಿ ಅಂತ ತಿಳ್ಕೊಂತೀನಿ" ಎಂದು ಶುರು ಮಾಡುವಷ್ಟರಲ್ಲಿ ಇಂದುಮತಿ ಸಾಲಿಯವರು ಬಸ್ಸು ತಡವಾಯಿತೆಂದು ಒಳಗೆ ಬಂದರು. ಅವರಿಗೆ ಕುರ್ಚಿ, ನೀರು ಎಂದು ಐದು ನಿಮಿಷ ಹೋಯಿತು. ಆ ಐದು ನಿಮಿಷದಲ್ಲಿ ನಾನು ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನಡಾವಳಿ ಓದಿದೆ.

31.09ರಲ್ಲಿ ಎರಡೇ ಸಾಲು ಉಳಿದಿದ್ದವು. ಅಂಕ ಶೇಕಡಾ ನಲವತ್ತು, ಮತ್ತು ಸೂಚನಾ ಫಲಕ. ಎಷ್ಟು ಚೊಕ್ಕಟವಾಗಿತ್ತೆಂದರೆ, ಇದೇ ಆಗಿದ್ದಿರಬಹುದು ಎಂದು ನನಗೇ ಅನ್ನಿಸಿತು. ಪುಟ ತಿರುವಿದೆ. 31.12 ಹಳೆಯ ಪಠ್ಯದಲ್ಲಿ ಬಾಕಿ ಉಳಿಸಿಕೊಂಡವರಿಗೆ ಇನ್ನೆರಡು ವರ್ಷ ಪರೀಕ್ಷೆ ನಡೆಸುವ ಠರಾವು. ಅದರ ಕೊನೆಯಲ್ಲಿ ಹೀಗಿತ್ತು: "ಇವರಿಗೆ ಪಾಸಿನ ಅಂಕ ಠರಾವು 31.09(2)ರಂತೆ."

ಸಾಲು ಕಿತ್ತವರು ಇದನ್ನು ನೋಡಿರಲಿಲ್ಲ. ಮೂರನ್ನು ಎರಡು ಮಾಡಿ ಕೈತೊಳೆದುಕೊಂಡಿದ್ದರು. ಈಗ ಓದಿದರೆ, ಆ ಮಕ್ಕಳ ಪಾಸಿನ ಅಂಕ ಸೂಚನಾ ಫಲಕದಂತೆ ಎಂದಾಗುತ್ತಿತ್ತು.

ನನಗೆ ಸಿಟ್ಟು ಬಂದದ್ದು ಆಗ. ಐವತ್ತೆಂಟು ಮಕ್ಕಳು ಫೇಲಾದಾಗ ಬರಲಿಲ್ಲ. ದಾಕ್ಷಾಯಣಿಯವರನ್ನು ದೂಳಿಗೆ ತಳ್ಳಿದಾಗ ಬರಲಿಲ್ಲ. ನಮ್ಮನ್ನೆಲ್ಲ ಎಷ್ಟು ಕಡೆಗಣಿಸಿದ್ದಾರೆಂದರೆ ಕಳ್ಳತನವನ್ನು ಸರಿಯಾಗಿ ಮುಚ್ಚುವ ಕಷ್ಟವನ್ನೂ ತೆಗೆದುಕೊಂಡಿಲ್ಲವಲ್ಲ ಎಂದು ಬಂತು. ಇದು ಹೆಮ್ಮೆಪಡುವ ಸಿಟ್ಟಲ್ಲ. ಆದರೆ ಬಂದದ್ದು ಅದೇ. ಮೇಜಿನ ಕೆಳಗೆ ಫೋನು ತೆಗೆದು ಜೂನ್ ತಿಂಗಳ ಮೇಲ್ ಹುಡುಕಿದೆ. ತೆರೆಯದೆ ಬಿದ್ದಿತ್ತು. ತೆರೆದೆ.

"32.01, ಸ್ಥಿರೀಕರಿಸಲಾಯಿತು," ಎಂದರು ತಲ್ಲೂರರು.

"ಇಲ್ರಿ," ಎಂದೆ. "31.12ನೇದು ಓದ್ರಿ. ಕೊನೀ ಸಾಲು."

"ಹಾವನೂರ, ಸಣ್ಣ ಪುಟ್ಟ ಟೈಪಿಂಗ್ ಇದ್ರ ಆಮ್ಯಾಲೆ ಬರದು ಕೊಡ್ರಿ."

"ಓದ್ರಿ ಸರ. ಪಾಸಿನ ಅಂಕ 31.09(2)ರಂಗ ಅಂತೈತಿ. 31.09(2) ಏನ್ ಹೇಳ್ತೈತಿ? ಜುಲೈ ಕೊನೀಗೆ ಬೋರ್ಡಿಗೆ ಹಚ್ಚಬೇಕು ಅಂತ. ಬೋರ್ಡಿಗೆ ಹಚ್ಚಿದ್ರ ಎಷ್ಟು ಮಾರ್ಕ್ಸ್ ಬೀಳ್ತಾವ್ರಿ?"

ಯಾರೋ ನಕ್ಕರು. ಇಂದುಮತಿಯವರು ನಗಲಿಲ್ಲ. ಕನ್ನಡಕ ಹಾಕಿಕೊಂಡು ಎರಡೂ ಪುಟ ನೋಡಿದರು.

"ಇಲ್ಲಿ ಒಂದು ಸಾಲು ಇತ್ತಲ್ಲ. ನಾನ ಹೇಳಿದ್ದು. ಹೊಸದಾಗಿ ಸೇರೋರಿಗೆ ಮಾತ್ರ ಅಂತ."

"ಚರ್ಚೆ ಆಗಿತ್ತು ಮೇಡಂ, ಠರಾವು ಆಗಿರಲಿಲ್ಲ," ಎಂದರು ತಲ್ಲೂರರು.

ನಾನು ಫೋನನ್ನು ಅವರ ಮುಂದೆ ಹಿಡಿದೆ. "ಜೂನ್ ಇಪ್ಪತ್ತಕ್ಕ ಎಲ್ಲಾರಿಗೂ ಬಂದೈತಿ. ಎಲ್ಲಾರ ಫೋನಿನ್ಯಾಗೂ ಐತಿ. ತಗದು ನೋಡ್ರಿ." ನಂತರ ಸುತ್ತ ನೋಡಿದೆ. ಹತ್ತೊಂಬತ್ತು ಮಂದಿ ಇದ್ದರು. ಮೊದಲು ಗಣಿತದವರು ಫೋನು ತೆಗೆದರು, ಆಮೇಲೆ ಇತಿಹಾಸದವರು. ಸಂಕನಗೌಡರು ಮಾತ್ರ ಎದುರಿನ ಮಿರ್ಚಿಯ ತಟ್ಟೆಯನ್ನೇ ನೋಡುತ್ತಿದ್ದರು.

ಇಂದುಮತಿಯವರು ಪೆನ್ನಿನ ಮುಚ್ಚಳ ಹಾಕಿದರು. "ಜೂನ್ ತಿಂಗಳ ಕರಡನ್ನ ಸ್ಥಿರೀಕರಿಸೋದಾದ್ರ ನಾ ಇರ್ತೀನಿ. ಇದನ್ನ ಮಾಡೋದಾದ್ರ ನನ್ನ ವಿರೋಧ ಬರದು, ವಿಶ್ವವಿದ್ಯಾಲಯಕ್ಕೊಂದು ಪ್ರತಿ ಕಳಸ್ರಿ."

ಅಲ್ಲಿಗೆ ಮುಗಿಯಿತು. ಜೂನ್ ಕರಡೇ ನಿಂತಿತು. ಹದಿನೈದು ದಿನದಲ್ಲಿ ಐವತ್ತೆಂಟು ಅಂಕಪಟ್ಟಿ ತಿದ್ದುಪಡಿಯಾಗಿ ಬಂದವು. ನನ್ನ ಬೆನ್ನು ತಟ್ಟಿದವರೂ ಇದ್ದರು. ಅವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಆ ಸಂತೋಷದಲ್ಲೇ ಗ್ರಂಥಾಲಯಕ್ಕೆ ಹೋದೆ. ಮೂವತ್ತೆರಡನೇ ಸಭೆಯ ಕರಡು ಅಷ್ಟೊತ್ತಿಗೆ ಬಂದಿತ್ತು. ಅದರ ಪ್ರತಿಯನ್ನು ದಾಕ್ಷಾಯಣಿಯವರ ಮುಂದಿಟ್ಟೆ. ಅವರು ಮೊದಲಿನಿಂದ ಓದಿದರು. 32.01ರ ಹತ್ತಿರ ಬೆರಳಿಟ್ಟು ನಿಲ್ಲಿಸಿದರು.

"ಇದನ್ನ ಓದೀರೇನು?"

"ಓದೇನಿ. ತಿದ್ದುಪಡಿ ಆತಲ್ರಿ."

"ದನಿ ತಗದು ಓದ್ರಿ."

ಓದಿದೆ. "ಹಿಂದಿನ ಸಭೆಯ ನಡಾವಳಿಯಲ್ಲಿ ಬೆರಳಚ್ಚಿನ ದೋಷದಿಂದ ಬಿಟ್ಟುಹೋಗಿದ್ದ 31.09(2)ನ್ನು ಸೇರಿಸಿ ಸ್ಥಿರೀಕರಿಸಲಾಯಿತು."

"ಬೆರಳಚ್ಚಿನ ದೋಷ," ಎಂದರು. ಕರಡನ್ನು ನನ್ನ ಕಡೆಗೇ ತಳ್ಳಿದರು. "ಯಾರ ಬೆರಳ್ರಿ? ಮೂವತ್ತೊಂದನೇ ಸಭೆ ಟೈಪ್ ಮಾಡಿದ್ದು ಯಾರು? ನಾನು. ನಾಳೆ ಯಾರರ ಈ ಪುಸ್ತಕ ತಗದ್ರ ಏನ್ ತಿಳ್ಕೊಂತಾರ? ಹುಯಿಲಗೋಳ ಬಾಯಿ ಸಾಲು ಬಿಟ್ಟಳು, ಐವತ್ತೆಂಟು ಹುಡುಗರು ಅಕಿ ಸಲುವಾಗಿ ಫೇಲಾದ್ರು, ಅದಕ್ಕ ಅಕಿನ್ನ ಲೈಬ್ರರಿಗೆ ಹಾಕಿದ್ರು. ಇದನ್ನ ಓದಿನೂ ನೀವು ಸುಮ್ಮನ ಇದ್ದೀರಿ. ಮತ್ತ ನನಗ ತೋರಸಾಕ ತಂದೀರಿ."

ನಾನು ಕರಡನ್ನು ಮಡಿಚಿದೆ.

"ಅಕ್ಕಾರ, ಹುಡುಗರಂತೂ ಪಾಸಾದ್ರಲ್ಲ."

"ಆ ಜುಬೇದಾ ಬಂದಿದ್ಲು ನಿನ್ನೆ. ಅಕಿ ತರಬೇತಿ ಅರ್ಜಿಯ ಕಡೀ ದಿನ ಜನವರಿ ಮೂವತ್ತೊಂದಕ್ಕ ಮುಗಿದೈತಿ. ಯಾರ್ರಿ ಮಾಡಿದ್ದು ಅಂತ ಕೇಳಿದ್ಲು. ಮಾಹಿತಿ ಹಕ್ಕಿನಾಗ ಅಕಿಗೆ ಕೊಟ್ಟ ಕಾಗದದಾಗ ಬೆರಳಚ್ಚಿನ ದೋಷ ಅಂತೈತಿ. ನನ್ನ ಮುಖಾನೇ ನೋಡಿಕೋತ ನಿಂತಿದ್ಲು. ನಾ ಏನ್ ಹೇಳಲಿ?" ಅವರು ಕೆಮ್ಮತೊಡಗಿದರು. ನೀರು ಕೊಡಹೋದರೆ ತೆಗೆದುಕೊಳ್ಳಲಿಲ್ಲ. "ನೀವು ಮಾತಾಡಿದ್ದು ನಂಬರ್ ತಪ್ಪಿದ್ದಕ್ಕ. ನಾ ಮೂರು ಸಲ ಕೇಳಿದ್ದಕ್ಕಲ್ಲ. ಹೋಗ್ರಿ, ನನಗ ಪಟ್ಟಿ ಮಾಡೂದೈತಿ."

ಅಂದು ಮನೆಗೆ ಹೋಗಿ ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ. ರೇಗಬೇಕಿದ್ದದ್ದು ನನ್ನ ಮೇಲೆ. ಮರುದಿನವೇ ಒಂದು ಕೆಲಸಕ್ಕೆ ಕೈಹಾಕಿದೆ. ಮೂವತ್ತೆರಡನೇ ಸಭೆಯ ಕರಡಿಗೆ ಹದಿನೈದು ದಿನದೊಳಗೆ ಲಿಖಿತ ಆಕ್ಷೇಪ ಸಲ್ಲಿಸಿದೆ. ಸ್ವೀಕೃತಿಗೆ ಮೊಹರು ಹಾಕಿಸಿಕೊಂಡೆ. ಇಂದುಮತಿಯವರಿಗೂ ಒಂದು ಪ್ರತಿ ಕಳಿಸಿದೆ. ತಲ್ಲೂರರು ಕರೆಸಿ, "ಮುಗಿದದ್ದನ್ನ ಯಾಕ ಕೆದರ್ತೀರಿ? ನಿಮ್ಮ ಕಡತ ಇಲ್ಲೇ ಐತಿ, ಮರೀಬ್ಯಾಡ್ರಿ," ಎಂದರು. "ಇರ್ಲಿ ಬಿಡ್ರಿ ಸರ," ಎಂದು ಎದ್ದು ಬಂದೆ.

ಜೂನ್‌ನಲ್ಲಿ ಮೂವತ್ತಮೂರನೇ ಸಭೆ. 33.01, ಹಿಂದಿನ ನಡಾವಳಿಯ ಸ್ಥಿರೀಕರಣ. ನಾನು ಎದ್ದು ನಿಂತು, "ಬೆರಳಚ್ಚಿನ ದೋಷದಿಂದ" ಎಂಬುದನ್ನು ತೆಗೆದು, "ಸದಸ್ಯರಿಗೆ ಕರಡು ಕಳಿಸಿದ ನಂತರ, ಕರಡು ಸಿದ್ಧಪಡಿಸಿದವರ ಒಪ್ಪಿಗೆಯಿಲ್ಲದೆ ತೆಗೆಯಲಾಗಿದ್ದ" ಎಂದು ಸೇರಿಸಬೇಕೆಂದು ಸೂಚಿಸಿದೆ. ತಲ್ಲೂರರು ಬೇಡವೆಂದರು. ಇಂದುಮತಿಯವರು ಕೈ ಎತ್ತಿಸಿ ಎಂದರು. ಹನ್ನೊಂದು ಕೈ ಎದ್ದವು, ಕೆಲವು ಭುಜದ ತನಕ ಮಾತ್ರ. ಅಷ್ಟು ಸಾಕಾಯಿತು. ಯಾರು ತೆಗೆದರು ಎಂಬುದನ್ನು ಬರೆಸಲು ನನ್ನಿಂದ ಆಗಲಿಲ್ಲ. ಅದಕ್ಕೆ ಕೈಗಳು ಏಳುತ್ತಿರಲಿಲ್ಲ.

ದಾಕ್ಷಾಯಣಿಯವರು ಆ ಸಾಲನ್ನು ಓದಿ, "ತಾರೀಖು ಹಾಕಿಲ್ಲ. ಯಾವ ದಿನ ತಗದ್ರು ಅನ್ನೂದು ಬೇಕಿತ್ತು," ಎಂದರು. ಜುಲೈ ಕೊನೆಗೆ ಅವರ ನಿವೃತ್ತಿ. ತಲ್ಲೂರರು ಬೀಳ್ಕೊಡುಗೆ ಸಮಾರಂಭ ಇಟ್ಟಿದ್ದರು. ಶಾಲು, ಹಣ್ಣಿನ ಬುಟ್ಟಿ ಎಲ್ಲ ತಂದಾಗಿತ್ತು. ಅವರು ಬರುವುದಿಲ್ಲವೆಂದು ಒಂದು ಹಾಳೆಯಲ್ಲಿ ಬರೆದು ಕಚೇರಿಗೆ ಕೊಟ್ಟಿದ್ದರು. ಖಾಲಿ ಕುರ್ಚಿಯ ಮುಂದೆ ಮೂವರು ಭಾಷಣ ಮಾಡಿದರು. ಅವರ ಪ್ರಾಮಾಣಿಕತೆಯ ಬಗ್ಗೆ ಹೆಚ್ಚು ಹೊತ್ತು ಮಾತಾಡಿದವರು ಸಂಕನಗೌಡರು.

ನಾನು ಎದ್ದು ಹೊರಬಂದೆ. ಗೇಟಿನ ಬಳಿ ದಾಕ್ಷಾಯಣಿಯವರು ಬಸ್ಸಿಗೆ ಕಾಯುತ್ತಿದ್ದರು. ಜುಬೇದಾ ಅವರ ಕೈಚೀಲ ಹಿಡಿದುಕೊಂಡು ನಿಂತಿದ್ದಳು. ಎಂ.ಎಸ್ಸಿ.ಗೆ ಬೇರೆ ಊರಿನಲ್ಲಿ ಸೀಟು ಸಿಕ್ಕಿದೆ ಎಂದಳು, ನನಗಲ್ಲ, ಅವರಿಗೆ. ನನ್ನ ಕಡೆ ಅವಳು ತಿರುಗಲೇ ಇಲ್ಲ. ಬಸ್ಸು ಬಂತು. ಇಬ್ಬರೂ ಹತ್ತಿದರು.